ಗಡಿಯಲ್ಲಿ ತಾಳೆ, ದಿಕ್ಕಿನಲ್ಲಿ ತಪ್ಪು

7 − 3x < 19. ಪ್ರಥಮ ಪಿಯುಸಿಯಲ್ಲಿ ಅಸಮತೆಗಳ ಪಾಠ ಶುರುವಾದ ಕೂಡಲೇ ಎದುರಾಗುವಂಥ ಲೆಕ್ಕ ಇದು. ವಿದ್ಯಾರ್ಥಿ ಎರಡೂ ಬದಿಯಿಂದ 7 ಕಳೆದು −3x < 12 ಎಂದು ಬರೆಯುತ್ತಾನೆ. ಆಮೇಲೆ ಎರಡೂ ಬದಿಯನ್ನು −1/3ರಿಂದ ಗುಣಿಸಿ x < −4 ಎಂದು ಉತ್ತರ ಕೊಡುತ್ತಾನೆ. ಅವನು ಸೋಮಾರಿಯಲ್ಲ, ಹೇಳಿಕೊಟ್ಟಂತೆ ತಾಳೆಯನ್ನೂ ನೋಡುತ್ತಾನೆ. x ಇರುವಲ್ಲಿ −4 ಹಾಕಿದರೆ 7 + 12, ಅಂದರೆ 19. ಬಲಬದಿಯಲ್ಲೂ 19. ಲೆಕ್ಕ ಕೂಡಿಬಂತೆಂದು ಮುಂದಿನ ಲೆಕ್ಕಕ್ಕೆ ಹೋಗುತ್ತಾನೆ.

ಉತ್ತರ ಪೂರ್ತಿ ತಪ್ಪು. ಋಣ ಸಂಖ್ಯೆಯಿಂದ ಗುಣಿಸಿದಾಗ ಚಿಹ್ನೆ ತಿರುಗಬೇಕಿತ್ತು, ತಿರುಗಿಲ್ಲ. ಸರಿಯಾದ ಉತ್ತರ x > −4. ಅವನು ಬರೆದ ಉತ್ತರದಲ್ಲಿರುವ ಒಂದು ಸಂಖ್ಯೆಯೂ ಮೂಲ ಲೆಕ್ಕಕ್ಕೆ ಹೊಂದುವುದಿಲ್ಲ. ಹೊಂದುವ ಒಂದು ಸಂಖ್ಯೆಯೂ ಅವನ ಉತ್ತರದಲ್ಲಿಲ್ಲ. ಉತ್ತರವೊಂದು ಇದಕ್ಕಿಂತ ಹೆಚ್ಚು ತಪ್ಪಾಗಲು ಸಾಧ್ಯವಿಲ್ಲ, ಆದರೂ ತಾಳೆ ಅದನ್ನು ಪಾಸು ಮಾಡಿತು.

ಇಂಥ ತಪ್ಪು ಕಂಡಾಗ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: ಹುಡುಗನಿಗೆ ಗಮನ ಸಾಲದು, ‘ಋಣ ಸಂಖ್ಯೆಯಿಂದ ಗುಣಿಸಿದರೆ ಚಿಹ್ನೆ ತಿರುಗಿಸು’ ಎಂಬ ನಿಯಮವನ್ನು ಇನ್ನೂ ಹತ್ತು ಸಲ ಬಾಯಿಪಾಠ ಮಾಡಿಸಿ. ಈ ರೋಗನಿರ್ಣಯವೇ ತಪ್ಪು. ಗಮನ ಎಲ್ಲರಿಗೂ ಒಮ್ಮೊಮ್ಮೆ ತಪ್ಪುತ್ತದೆ, ಅದಕ್ಕಾಗಿಯೇ ತಾಳೆ ಎಂಬ ಪದ್ಧತಿ ಇರುವುದು. ಇಲ್ಲಿ ಸೋತದ್ದು ತಾಳೆ. ಸಮೀಕರಣಕ್ಕೆಂದು ಇದ್ದ ತಾಳೆಯನ್ನು ಯಾವ ಬದಲಾವಣೆಯನ್ನೂ ಮಾಡದೆ ಅಸಮತೆಗೆ ಹಚ್ಚುವ ರೂಢಿಯನ್ನು ಪ್ರಶ್ನಿಸಬೇಕಾಗಿದೆ.

ಸಮೀಕರಣದಲ್ಲಿ ಆ ತಾಳೆ ಯಾಕೆ ಸಾಕಾಗುತ್ತದೆ ಎಂಬುದನ್ನು ಮೊದಲು ನೋಡೋಣ. 7 − 3x = 19 ಎಂಬ ಸಮೀಕರಣಕ್ಕೆ ಇರುವ ಪರಿಹಾರ ಒಂದೇ. −4 ಹಾಕಿದಾಗ ಎರಡೂ ಬದಿ ಸಮವಾದರೆ ಪರಿಹಾರ ಸಿಕ್ಕಿತು, ಬೇರೆ ಪರಿಹಾರ ಇಲ್ಲ, ಹಾಗಾಗಿ ಕೆಲಸ ಮುಗಿಯಿತು. ಒಂದು ಸಂಖ್ಯೆಯನ್ನು ಪರೀಕ್ಷಿಸಿದರೆ ಇಡೀ ಉತ್ತರವನ್ನೇ ಪರೀಕ್ಷಿಸಿದಂತೆ. ಅಸಮತೆಯ ಉತ್ತರ ಹಾಗಲ್ಲ. ಅದು ಸಂಖ್ಯಾರೇಖೆಯ ಒಂದು ಇಡೀ ಭಾಗ. ಆ ಭಾಗದ ಬಗ್ಗೆ ಮೂರು ಸಂಗತಿ ಗೊತ್ತಾಗಬೇಕು: ಅದರ ಗಡಿ ಎಲ್ಲಿದೆ, ಗಡಿಯಿಂದ ಯಾವ ಕಡೆಗೆ ಹರಡಿದೆ, ಗಡಿಯ ಸಂಖ್ಯೆ ತಾನೇ ಒಳಗಿದೆಯೋ ಹೊರಗಿದೆಯೋ.

−4 ಹಾಕಿ ನೋಡಿದ ವಿದ್ಯಾರ್ಥಿ ಪರೀಕ್ಷಿಸಿದ್ದು ಮೊದಲನೆಯದನ್ನು ಮಾತ್ರ. ಗಡಿಯ ಮೇಲೆ ಎರಡೂ ಬದಿ ಸಮವಾಗಿರುತ್ತವೆ. ಚಿಹ್ನೆ ಎತ್ತ ತಿರುಗಿದ್ದರೂ ಸಮ ಸಮವೇ. x < −4 ಎಂದು ಬರೆದಿದ್ದರೂ x > −4 ಎಂದು ಬರೆದಿದ್ದರೂ ಈ ತಾಳೆಯಲ್ಲಿ ಸಿಗುವುದು ಅದೇ 19. ಋಣ ಸಂಖ್ಯೆಯ ಗುಣಾಕಾರ ಕೆಡಿಸುವುದು ದಿಕ್ಕನ್ನು, ಗಡಿಯನ್ನಲ್ಲ. ಅಂದರೆ ಅಸಮತೆಯ ಅಧ್ಯಾಯದಲ್ಲಿ ಹೊಸದಾಗಿ ಸೇರಿಕೊಳ್ಳುವ ತಪ್ಪು ಯಾವುದೋ, ಅದನ್ನು ಕಾಣುವ ಶಕ್ತಿ ಹಳೆಯ ತಾಳೆಗೆ ಇಲ್ಲವೇ ಇಲ್ಲ.

ಇದಕ್ಕಿಂತಲೂ ದುರ್ಬಲವಾದ ಇನ್ನೊಂದು ತಾಳೆಯೂ ಚಾಲ್ತಿಯಲ್ಲಿದೆ. x < −4 ಎಂದು ಬಂದ ಮೇಲೆ −5 ತೆಗೆದುಕೊಂಡು, −5 < −4 ಹೌದಲ್ಲ, ಸರಿ ಎಂದು ಮುಗಿಸುವುದು. ಇಲ್ಲಿ ಉತ್ತರವನ್ನು ಉತ್ತರಕ್ಕೇ ಹೋಲಿಸಲಾಗಿದೆ. ಲೆಕ್ಕದ ಮೊದಲ ಸಾಲನ್ನು ಮುಟ್ಟಿಯೇ ಇಲ್ಲ. ಸಂಖ್ಯೆಯನ್ನು ಹಾಕಬೇಕಾದದ್ದು ಕೊನೆಯ ಸಾಲಿಗಲ್ಲ, ನಡುವಿನ ಸಾಲಿಗೂ ಅಲ್ಲ, ಪ್ರಶ್ನೆಪತ್ರಿಕೆಯಲ್ಲಿ ಅಚ್ಚಾಗಿರುವ ಮೂಲ ಅಸಮತೆಗೆ. ಅಲ್ಲಿ ಹಾಕಿದ್ದರೆ 7 + 15 = 22 ಬರುತ್ತಿತ್ತು. 22 < 19 ಸುಳ್ಳು. ಒಂದೇ ಸಾಲಿನಲ್ಲಿ ತಪ್ಪು ಬಯಲಾಗುತ್ತಿತ್ತು.

ಹಾಗಾದರೆ ಉತ್ತರದೊಳಗಿನ ಒಂದು ಸಂಖ್ಯೆಯನ್ನು ಮೂಲ ಅಸಮತೆಗೆ ಹಾಕಿ ನೋಡಿದರೆ ಸಾಕಲ್ಲವೇ ಎಂದು ಕೇಳಬಹುದು. ಸಾಲದು. ಇನ್ನೊಬ್ಬ ವಿದ್ಯಾರ್ಥಿನಿ ಚಿಹ್ನೆಯನ್ನು ಸರಿಯಾಗಿ ತಿರುಗಿಸಿದ್ದಾಳೆ, ಆದರೆ 19ರಿಂದ 7 ಕಳೆಯುವಾಗ ಅವಸರದಲ್ಲಿ 9 ಎಂದು ಬರೆದಿದ್ದಾಳೆ ಎಂದುಕೊಳ್ಳೋಣ. −3x < 9, ಆದ್ದರಿಂದ x > −3. ಅವಳು ಒಳಗಿನ ಸಂಖ್ಯೆಯಾಗಿ 0 ಆರಿಸಿಕೊಂಡರೆ 7 < 19 ನಿಜ, ತಾಳೆ ಕೂಡಿಬಂತು. ಹೊರಗಿನ ಸಂಖ್ಯೆಯಾಗಿ −10 ತೆಗೆದುಕೊಂಡರೆ 37 < 19 ಸುಳ್ಳು, ಅದೂ ಕೂಡಿಬಂತು. ಆದರೂ −3.5 ಎಂಬ ಸಂಖ್ಯೆ ಮೂಲ ಅಸಮತೆಗೆ ಹೊಂದುತ್ತದೆ: 7 + 10.5 = 17.5, ಅದು 19ಕ್ಕಿಂತ ಕಡಿಮೆ. ಅವಳ ಉತ್ತರದಲ್ಲಿ ಅದಕ್ಕೆ ಜಾಗವಿಲ್ಲ. ಈ ತಪ್ಪನ್ನು ಹಿಡಿಯುವುದು ಗಡಿಯ ತಾಳೆ. −3 ಹಾಕಿದರೆ ಎಡಬದಿ 16, ಬಲಬದಿ 19, ಸಮವಿಲ್ಲ, ಆದ್ದರಿಂದ ಅದು ಗಡಿಯೇ ಅಲ್ಲ.

ಗಡಿಯ ತಾಳೆಗೆ ದಿಕ್ಕು ಕಾಣದು, ಒಳಹೊರಗಿನ ತಾಳೆಗೆ ಗಡಿ ಕಾಣದು. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ. ಎರಡೂ ಸೇರಿದರೆ ಮಾತ್ರ ಒಂದೇ ಚರಾಕ್ಷರದ ರೇಖಾತ್ಮಕ ಅಸಮತೆಯ ಪರೀಕ್ಷೆ ಪೂರ್ತಿಯಾಗುತ್ತದೆ. ಪೂರ್ತಿಯಾಗುತ್ತದೆ ಎಂಬುದು ಬರೀ ಭರವಸೆಯಲ್ಲ, ಅದಕ್ಕೆ ಕಾರಣವಿದೆ. x ಬೆಳೆದಂತೆ 7 − 3x ಒಂದೇ ಸಮನೆ ಇಳಿಯುತ್ತಾ ಹೋಗುತ್ತದೆ, ನಡುವೆ ಎಲ್ಲೂ ಮತ್ತೆ ಏರುವುದಿಲ್ಲ. ಹಾಗಾಗಿ ಅದು 19ನ್ನು ದಾಟುವುದು ಒಂದೇ ಒಂದು ಸಲ. ದಾಟುವ ಜಾಗ −4 ಎಂದು ಖಚಿತವಾದ ಮೇಲೆ, ಒಂದು ಕಡೆಯ ಎಲ್ಲ ಸಂಖ್ಯೆಗಳ ಗತಿಯೂ ಒಂದೇ. ಆ ಕಡೆಯ ಒಬ್ಬ ಸಾಕ್ಷಿ ಹೇಳಿದರೆ ಎಲ್ಲರೂ ಹೇಳಿದಂತೆ.

ಈ ಮಾತನ್ನು ಹೊಸ ಬೋಧನಕ್ರಮವೆಂದು ತಳ್ಳಿಹಾಕುವ ಹಾಗೂ ಇಲ್ಲ. ದ್ವಿತೀಯ ಪಿಯುಸಿಯ ರೇಖಾತ್ಮಕ ಪ್ರೋಗ್ರಾಮಿಂಗ್ ಪಾಠದಲ್ಲಿ x + 2y ≤ 120 ಎಂಬಂಥ ನಿರ್ಬಂಧ ಬಂದಾಗ ಎಲ್ಲರೂ ಮಾಡುವುದು ಇದನ್ನೇ. ಮೊದಲು x + 2y = 120 ಎಂಬ ಗೆರೆ ಎಳೆಯುತ್ತಾರೆ. ಆಮೇಲೆ ಯಾವ ಪಕ್ಕಕ್ಕೆ ಛಾಯೆ ಹಾಕಬೇಕೆಂದು ತಿಳಿಯಲು (0, 0) ಹಾಕಿ ನೋಡುತ್ತಾರೆ. 0 ≤ 120 ನಿಜ, ಆದ್ದರಿಂದ ಮೂಲಬಿಂದು ಇರುವ ಪಕ್ಕ. ಗೆರೆ ಸರಿಯಾಗಿ ಎಳೆದಾಯಿತು, ಪಕ್ಕದ ಪರೀಕ್ಷೆ ಬೇಡ ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ಎರಡು ಚರಾಕ್ಷರಗಳಿದ್ದಾಗ ಅನಿವಾರ್ಯವೆನಿಸುವ ಹೆಜ್ಜೆ ಒಂದೇ ಚರಾಕ್ಷರವಿದ್ದಾಗ ಅನಗತ್ಯವಾಗಲು ಯಾವ ಗಣಿತದ ಕಾರಣವೂ ಇಲ್ಲ.

ಇನ್ನು ಬಾಯಿಪಾಠದ ಪಕ್ಷ. ನಿಯಮ ಗಟ್ಟಿಯಾಗಿ ನೆನಪಿದ್ದರೆ ತಪ್ಪೇ ಆಗುವುದಿಲ್ಲ, ತಾಳೆಯ ಗೊಡವೆ ಯಾಕೆ ಎಂಬುದು ಅವರ ವಾದ. ನಿಯಮವನ್ನು ಕಾರಣವಿಲ್ಲದೆ ಕಲಿತಾಗ ಏನಾಗುತ್ತದೆ ಎಂಬುದಕ್ಕೆ 3x < −12 ಎಂಬ ಲೆಕ್ಕ ನೋಡಬಹುದು. ಇಲ್ಲಿ ಭಾಗಿಸುವ ಸಂಖ್ಯೆ 3, ಅದು ಧನ. ಚಿಹ್ನೆ ತಿರುಗಬಾರದು, ಉತ್ತರ x < −4. ಆದರೆ ‘ಋಣ ಕಂಡರೆ ತಿರುಗಿಸು’ ಎಂದಷ್ಟೇ ತಲೆಯಲ್ಲಿ ಉಳಿದವರಿಗೆ −12ರ ಹಿಂದಿನ ಋಣ ಚಿಹ್ನೆ ಕಣ್ಣಿಗೆ ಬಿದ್ದೊಡನೆ ಕೈ ತಾನಾಗಿ ತಿರುಗಿಸಿಬಿಡುತ್ತದೆ: x > −4. ಮೊದಲ ವಿದ್ಯಾರ್ಥಿ ನಿಯಮ ಮರೆತು ತಪ್ಪಿದ, ಇವನು ನಿಯಮ ನೆನಪಿಟ್ಟುಕೊಂಡೇ ತಪ್ಪಿದ. ಹತ್ತು ಸಲ ಬಾಯಿಪಾಠ ಮಾಡಿಸಿದರೆ ಎರಡನೆಯ ಬಗೆಯ ತಪ್ಪು ಹೆಚ್ಚುವುದೇ ಹೊರತು ಕಡಿಮೆಯಾಗದು. 0 ಹಾಕಿ ನೋಡುವ ತಾಳೆ ಇಬ್ಬರನ್ನೂ ಹಿಡಿಯುತ್ತದೆ. x > −4 ಎಂಬ ಉತ್ತರದಲ್ಲಿ 0 ಸೇರಿದೆ, ಆದರೆ 0 < −12 ಸುಳ್ಳು.

ಕಾರಣ ಹೇಳುವುದಕ್ಕೆ ಎರಡು ಸಾಲೂ ಬೇಡ. a < b ಎಂದರೆ b − a ಧನ. ಈಗ −a ಮತ್ತು −b ತೆಗೆದುಕೊಂಡು (−a) − (−b) ಲೆಕ್ಕ ಹಾಕಿದರೆ ಬರುವುದು ಅದೇ b − a, ಅದೇ ಧನ ಸಂಖ್ಯೆ. ಹಾಗಾಗಿ −a ದೊಡ್ಡದು, −b ಚಿಕ್ಕದು. ತಿರುಗುವುದು ಗುಣಕ ಋಣವಾಗಿರುವುದರಿಂದ, ಲೆಕ್ಕದಲ್ಲಿ ಎಲ್ಲೋ ಒಂದು ಋಣ ಚಿಹ್ನೆ ಇರುವುದರಿಂದಲ್ಲ. ಇಷ್ಟು ಅರ್ಥವಾದವರಿಗೆ −12 ಗೊಂದಲ ಹುಟ್ಟಿಸುವುದಿಲ್ಲ.

ಈ ತಾಳೆಗೆ ಒಂದು ಜಾಣ ಪರ್ಯಾಯವಿದೆ ಎಂದು ಹೇಳುವವರೂ ಇದ್ದಾರೆ. ಋಣ ಸಂಖ್ಯೆಯಿಂದ ಗುಣಿಸುವ ಪ್ರಸಂಗವನ್ನೇ ತಪ್ಪಿಸಿ ಎನ್ನುತ್ತಾರೆ ಅವರು. 7 − 3x < 19 ಇದ್ದಾಗ 3xನ್ನು ಎರಡೂ ಬದಿಗೆ ಕೂಡಿಸಿ, 19ನ್ನು ಎರಡೂ ಬದಿಯಿಂದ ಕಳೆದರೆ −12 < 3x. 3ರಿಂದ ಭಾಗಿಸಿದರೆ −4 < x. ಚಿಹ್ನೆ ತಿರುಗಿಸುವ ಪ್ರಶ್ನೆಯೇ ಏಳಲಿಲ್ಲ. ಇದು ಒಳ್ಳೆಯ ದಾರಿ, ಕಲಿಸಲೇಬೇಕಾದ ದಾರಿ. ಆದರೆ ಇದು ತಾಳೆಯ ಸ್ಥಾನ ತುಂಬುವುದಿಲ್ಲ. −4 < x ಎಂಬುದನ್ನು x ಎಡಕ್ಕೆ ಬರುವಂತೆ ತಿರುಗಿಸಿ ಬರೆಯುವಾಗ x < −4 ಎಂದು ಜಾರಿಬಿಡುವುದು ಸುಲಭ, ಆಗ ತಪ್ಪಿಸಿಕೊಂಡ ತಪ್ಪೇ ಹಿಂಬಾಗಿಲಿನಿಂದ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಗುಣಕ ಧನವೋ ಋಣವೋ ಎಂಬುದೇ ಗೊತ್ತಿಲ್ಲದ ಲೆಕ್ಕಗಳಲ್ಲಿ ಈ ದಾರಿ ಮುಚ್ಚಿಹೋಗುತ್ತದೆ.

6/(x − 2) > 3 ಎಂಬ ಲೆಕ್ಕ ಅಂಥದ್ದು. ಛೇದವನ್ನು ಕಳೆದುಕೊಳ್ಳುವ ಆಸೆಯಿಂದ ಎರಡೂ ಬದಿಯನ್ನು x − 2 ರಿಂದ ಗುಣಿಸಿದರೆ 6 > 3x − 6, ಅಂದರೆ 12 > 3x, ಅಂದರೆ x < 4. ಒಂದೂ ಋಣ ಸಂಖ್ಯೆಯಿಂದ ಗುಣಿಸಿದಂತೆ ಕಾಣುವುದಿಲ್ಲ. ಈಗ ಇಷ್ಟು ಹೊತ್ತು ಹೇಳಿದ ಪರೀಕ್ಷೆಯನ್ನೇ ಮಾಡೋಣ. ಗಡಿ 4 ಹಾಕಿದರೆ 6/2 = 3, ಸಮ. ಒಳಗಿನ ಸಂಖ್ಯೆ 3 ಹಾಕಿದರೆ 6 > 3, ನಿಜ. ಹೊರಗಿನ ಸಂಖ್ಯೆ 5 ಹಾಕಿದರೆ 2 > 3, ಸುಳ್ಳು. ಮೂರೂ ಕೂಡಿಬಂದವು. ಆದರೂ ಉತ್ತರ ತಪ್ಪು. 0 ಹಾಕಿ ನೋಡಿದರೆ 6/(−2) = −3, ಅದು 3ಕ್ಕಿಂತ ದೊಡ್ಡದಲ್ಲ. 0 ಮಾತ್ರವಲ್ಲ, 2ಕ್ಕಿಂತ ಚಿಕ್ಕದಾದ ಯಾವ ಸಂಖ್ಯೆಯೂ ಹೊಂದುವುದಿಲ್ಲ, ಯಾಕೆಂದರೆ ಅಲ್ಲೆಲ್ಲ ಎಡಬದಿ ಋಣವೇ. 2ರಲ್ಲಂತೂ ಛೇದ ಸೊನ್ನೆಯಾಗಿ ಎಡಬದಿಗೆ ಬೆಲೆಯೇ ಇಲ್ಲ.

ಎಲ್ಲಿ ಎಡವಿದ್ದು? x − 2 ಎಂಬುದು x 2ಕ್ಕಿಂತ ದೊಡ್ಡದಿದ್ದಾಗ ಧನ, ಚಿಕ್ಕದಿದ್ದಾಗ ಋಣ. ಒಂದೇ ಗುಣಾಕಾರದಲ್ಲಿ ಸಂಖ್ಯಾರೇಖೆಯ ಒಂದು ಭಾಗಕ್ಕೆ ಚಿಹ್ನೆ ತಿರುಗಬಾರದು, ಇನ್ನೊಂದು ಭಾಗಕ್ಕೆ ತಿರುಗಲೇಬೇಕು. ಎರಡನ್ನೂ ಬೇರೆ ಬೇರೆ ಬಿಡಿಸಬೇಕು. x > 2 ಆದಾಗ ಮೇಲಿನ ಲೆಕ್ಕವೇ ಸರಿ, ಸಿಗುವುದು 2 < x < 4. x < 2 ಆದಾಗ ಚಿಹ್ನೆ ತಿರುಗಿ 6 < 3x − 6, ಅಂದರೆ x > 4. ಒಂದೇ ಸಂಖ್ಯೆ 2ಕ್ಕಿಂತ ಚಿಕ್ಕದೂ 4ಕ್ಕಿಂತ ದೊಡ್ಡದೂ ಆಗದು, ಆದ್ದರಿಂದ ಅಲ್ಲಿಂದ ಏನೂ ಸಿಗುವುದಿಲ್ಲ. ಪೂರ್ಣ ಉತ್ತರ 2 < x < 4 ಅಷ್ಟೇ. ಹೀಗೆ ಒಡೆದು ಬಿಡಿಸುವುದು ಬೇಡವಾದರೆ (x − 2)ರ ವರ್ಗದಿಂದ ಗುಣಿಸಬಹುದು. x 2 ಆಗಿರದಿದ್ದರೆ ಆ ವರ್ಗ ಯಾವಾಗಲೂ ಧನ, ಚಿಹ್ನೆ ತಿರುಗುವ ಭಯವಿಲ್ಲ. 6(x − 2) > 3(x − 2)² ಎಂದಾಗಿ, ಒಂದೇ ಬದಿಗೆ ತಂದು 3ರಿಂದ ಭಾಗಿಸಿದರೆ (x − 2)(4 − x) > 0. ಉತ್ತರ ಅದೇ.

ಈ ಲೆಕ್ಕ ತಾಳೆಯ ಮಿತಿಯನ್ನೂ ಅದರ ನಿಜವಾದ ರೂಪವನ್ನೂ ಒಟ್ಟಿಗೆ ತೋರಿಸುತ್ತದೆ. ಒಳಗೊಂದು ಹೊರಗೊಂದು ಎಂಬ ಸೂತ್ರ ರೇಖಾತ್ಮಕ ಅಸಮತೆಗೆ ಸಾಕಾಗುವುದು ಅಲ್ಲಿ ಇರುವ ಗುರುತು ಒಂದೇ ಆದ್ದರಿಂದ. ಒಂದು ಗುರುತು ಸಂಖ್ಯಾರೇಖೆಯನ್ನು ಎರಡು ತುಂಡು ಮಾಡುತ್ತದೆ. ಭಿನ್ನರಾಶಿಯ ಲೆಕ್ಕದಲ್ಲಿ ಎರಡೂ ಬದಿ ಸಮವಾಗುವ ಜಾಗದ ಜೊತೆಗೆ ಛೇದ ಸೊನ್ನೆಯಾಗುವ ಜಾಗವನ್ನೂ ಗುರುತು ಹಾಕಬೇಕು. ಇಲ್ಲಿ 4 ಮತ್ತು 2. ತುಂಡು ಮೂರು, ಪ್ರತಿ ತುಂಡಿನಿಂದ ಒಂದೊಂದು ಸಂಖ್ಯೆ: 0, 3, 5. ಸುಳ್ಳು, ನಿಜ, ಸುಳ್ಳು. ವಿದ್ಯಾರ್ಥಿಯ ಉತ್ತರ 0 ಮತ್ತು 3 ಎರಡನ್ನೂ ಒಳಗೆ ಸೇರಿಸಿಕೊಂಡಿದೆ, ಆದ್ದರಿಂದ ಅದು ತಪ್ಪು. ಉತ್ತರ ನೋಡಿ ಸಂಖ್ಯೆ ಆರಿಸಿಕೊಂಡರೆ ಸಾಲದು, ಮೂಲ ಲೆಕ್ಕದ ಗುರುತುಗಳನ್ನು ನೋಡಿ ಆರಿಸಬೇಕು.

ಋಣ ಗುಣಕ ಮರೆಯಲ್ಲಿ ಕೂರುವ ಇನ್ನೊಂದು ಜಾಗ ಲಘುಗಣಕ. ಒಂದು ಯಂತ್ರದ ಬೆಲೆ ವರ್ಷಕ್ಕೆ ಶೇಕಡ 20ರಷ್ಟು ಇಳಿಯುತ್ತದೆ, ಎಷ್ಟು ವರ್ಷಗಳ ಮೇಲೆ ಅದು ಕೊಂಡ ಬೆಲೆಯ ಹತ್ತನೇ ಒಂದಕ್ಕಿಂತ ಕೆಳಗಿರುತ್ತದೆ ಎಂಬ ಪ್ರಶ್ನೆ ತೆಗೆದುಕೊಳ್ಳೋಣ. n ವರ್ಷಕ್ಕೆ ಅಸಮತೆ (0.8)ⁿ < 0.1. ಎರಡೂ ಬದಿಗೆ 10ರ ಆಧಾರದ ಲಘುಗಣಕ ತೆಗೆದುಕೊಂಡರೆ n × log 0.8 < −1. ಎರಡೂ ಬದಿಯನ್ನು log 0.8 ರಿಂದ ಭಾಗಿಸಿ n < 10.32 ಎಂದು ಬರೆಯುವುದು ಇಲ್ಲಿ ಆಗುವ ತಪ್ಪು. ಬರೆದ ಹಾಗೆ ನೋಡಿದರೆ log 0.8 ಮುಂದೆ ಋಣ ಚಿಹ್ನೆ ಇಲ್ಲ. ಅದರ ಬೆಲೆ ಮಾತ್ರ ಸುಮಾರು −0.0969. 1ಕ್ಕಿಂತ ಚಿಕ್ಕದಾದ ಧನ ಸಂಖ್ಯೆಗಳ ಲಘುಗಣಕ ಋಣವೇ ಆಗಿರುತ್ತದೆ.

ಬಾಯಿಪಾಠದ ನಿಯಮ ಇಲ್ಲಿ ನೆರವಿಗೆ ಬರುವುದಿಲ್ಲ, ಯಾಕೆಂದರೆ ನಿಯಮವನ್ನು ನೆನಪಿಸುವ ಚಿಹ್ನೆಯೇ ಕಣ್ಣೆದುರು ಇಲ್ಲ. ತಾಳೆ ನೆರವಿಗೆ ಬರುತ್ತದೆ. n < 10.32 ಎಂಬ ಉತ್ತರದಲ್ಲಿ n = 0 ಸೇರಿದೆ. ಯಂತ್ರವನ್ನು ಕೊಂಡ ದಿನವೇ ಅದರ ಬೆಲೆ ಹತ್ತನೇ ಒಂದಕ್ಕಿಂತ ಕೆಳಗಿತ್ತು ಎಂದಾಯಿತು! 1 < 0.1 ಸುಳ್ಳು. ಚಿಹ್ನೆ ತಿರುಗಿಸಿದರೆ n > 10.32. ಗಡಿಯ ಆಚೀಚೆಯ ಪೂರ್ಣಾಂಕಗಳನ್ನು ಹಾಕಿದರೆ, 10 ವರ್ಷಕ್ಕೆ 0.1074, ಇನ್ನೂ ಇಳಿದಿಲ್ಲ. 11 ವರ್ಷಕ್ಕೆ 0.0859, ಇಳಿದಿದೆ. ಗಡಿಯೂ ಸರಿ, ದಿಕ್ಕೂ ಸರಿ.

ಕೊನೆಯ ಆಕ್ಷೇಪ ಸಮಯದ್ದು. ಸಿಇಟಿಯ ಗಣಿತದಲ್ಲಿ 60 ಪ್ರಶ್ನೆಗೆ 80 ನಿಮಿಷ, ಪ್ರತಿ ಲೆಕ್ಕಕ್ಕೂ ಮೂರು ಸಂಖ್ಯೆ ಹಾಕಿ ನೋಡುತ್ತ ಕೂರಲು ಯಾರಿಗೆ ಪುರುಸೊತ್ತು ಎಂದು ಕೇಳುತ್ತಾರೆ. ಆದರೆ ಆಯ್ಕೆಗಳನ್ನು ಕೊಟ್ಟಿರುವ ಪರೀಕ್ಷೆಯಲ್ಲೇ ಈ ತಾಳೆ ಹೆಚ್ಚು ಸಮಯ ಉಳಿಸುತ್ತದೆ. x < −4, x > −4 ಎಂಬ ಎರಡು ಆಯ್ಕೆಗಳು ಎದುರಿಗಿದ್ದರೆ ಗಡಿ ಎರಡರದ್ದೂ ಒಂದೇ, ಬೇರೆಯಾಗಿರುವುದು ದಿಕ್ಕು ಮಾತ್ರ. ಮೂಲ ಅಸಮತೆಗೆ 0 ಹಾಕಿದರೆ 7 < 19 ನಿಜ. 0 ಇರುವ ಆಯ್ಕೆ ಉಳಿಯಿತು, ಇನ್ನೊಂದು ಬಿದ್ದುಹೋಯಿತು. ಇದಕ್ಕೆ ಪೆನ್ನೂ ಬೇಕಿಲ್ಲ.

ತರಗತಿಯಲ್ಲಿ ಇದು ರೂಢಿಯಾಗದಿರುವುದಕ್ಕೆ ಮುಖ್ಯ ಕಾರಣ ಅದನ್ನು ಯಾರೂ ಕೇಳದಿರುವುದು. ಪ್ರಥಮ ಪಿಯುಸಿಗೆ ಬಳಸುವ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ 4x + 3 < 6x + 7 ಎಂಬ ಬಿಡಿಸಿದ ಲೆಕ್ಕವಿದೆ. −2x < 4 ಎಂದಾಗಿ, ಚಿಹ್ನೆ ತಿರುಗಿ x > −2 ಎಂದು ಮುಗಿಯುತ್ತದೆ. ಓದುವವನು ಆ ತಿರುವನ್ನು ನಂಬಬೇಕು. ಅದರ ಕೆಳಗೆ −2 ಹಾಕಿದರೆ ಎರಡೂ ಬದಿ −5, 0 ಹಾಕಿದರೆ 3 < 7 ನಿಜ, −3 ಹಾಕಿದರೆ −9 < −11 ಸುಳ್ಳು ಎಂಬ ಮೂರು ಸಾಲು ಸೇರಿದರೆ ನಂಬಿಕೆಯ ಜಾಗದಲ್ಲಿ ಪುರಾವೆ ಬರುತ್ತದೆ.

ಆದ್ದರಿಂದ ಬದಲಾಗಬೇಕಾದದ್ದು ಪ್ರಶ್ನೆ ಕೇಳುವ ಬಗೆ. ‘5 − 2x ≥ 11 ಬಿಡಿಸಿ’ ಎಂದಷ್ಟೇ ಕೇಳಿ ಬಿಡಬಾರದು. ‘ಗಡಿಯ ಸಂಖ್ಯೆ, ಪರಿಹಾರದಲ್ಲಿರುವ ಒಂದು ಸಂಖ್ಯೆ, ಪರಿಹಾರದಲ್ಲಿಲ್ಲದ ಒಂದು ಸಂಖ್ಯೆ, ಈ ಮೂರನ್ನೂ ಮೂಲ ಅಸಮತೆಯಲ್ಲಿ ಆದೇಶಿಸಿ ತಾಳೆ ನೋಡಿ’ ಎಂಬ ವಾಕ್ಯವೂ ಇರಬೇಕು, ಅದಕ್ಕೆ ಒಂದು ಅಂಕವೂ ಇರಬೇಕು. ಆಗ ಉತ್ತರಪತ್ರಿಕೆಯಲ್ಲಿ x ≤ −3 ಎಂಬುದರ ಕೆಳಗೆ ಇನ್ನೂ ಮೂರು ಸಾಲು ಬರುತ್ತವೆ. −3ಕ್ಕೆ 11 ≥ 11 ನಿಜ, ಹಾಗಾಗಿ ಗಡಿ ಒಳಗೇ ಇದೆ. −4ಕ್ಕೆ 13 ≥ 11 ನಿಜ. 0ಗೆ 5 ≥ 11 ಸುಳ್ಳು. ಚಿಹ್ನೆ ತಿರುಗಿಸಲು ಮರೆತು x ≥ −3 ಎಂದು ಬರೆದವನು ಇದೇ ಮೂರನೆಯ ಸಾಲಿನಲ್ಲಿ 0 ತನ್ನ ಉತ್ತರದ ಒಳಗಿರುವುದನ್ನು ಕಾಣುತ್ತಾನೆ, ಮೌಲ್ಯಮಾಪಕರ ಕೆಂಪು ಶಾಯಿಗೆ ಕಾಯದೆ ಮೇಲೆ ಹೋಗಿ ತಾನೇ ತಿದ್ದಿಕೊಳ್ಳುತ್ತಾನೆ.